ಇಂಗ್ಲಿಷಿನಲ್ಲಿ ಕನ್ನಡದ ಉಸಿರು

ಸಂತೇಬೆನ್ನೂರಿನ ಕಡೆಯ ಅಜ್ಜಿ 'ನೀರು ಗೀರು ಕುಡ್ದು ಹೋಗ್ರಪ್ಪ' ಅಂತಾಳೆ. ಬಂಗಾಳಿ ಅಜ್ಜಿ ಅದನ್ನೇ 'ಜೊಲ್ ಟೊಲ್' ಅಂದಾಳು. ಆ ಎರಡನೆಯ ಪದಕ್ಕೆ ಸ್ವಂತ ಅರ್ಥವಿಲ್ಲ, ಆದರೆ ಅಕ್ಕರೆಯೆಲ್ಲ ಅದರಲ್ಲೇ ಇದೆ. ಇಂಗ್ಲಿಷಿಗೆ ಹೋಗುವಾಗ ಮೊದಲು ಉದುರುವುದೂ ಅದೇ.

ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು 'ಹಾರ್ಟ್ ಲ್ಯಾಂಪ್' ಆಗಿ ಅನುವಾದಿಸಿದ ದೀಪಾ ಭಾಸ್ತಿ ಇದಕ್ಕೆ ಗಟ್ಟಿ ದಾರಿ ಹಿಡಿದರು. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಲಿಲ್ಲ, ಅಡಿಟಿಪ್ಪಣಿ ಕೊಡಲಿಲ್ಲ. ಅರ್ಥವನ್ನು ಸುತ್ತಲಿನ ವಾಕ್ಯವೇ ಹೊರಬೇಕು. ಕತೆಗಳ ಮನೆಮಾತು ಕಿವಿಗೆ ಹತ್ತಲೆಂದು ಅವರು ಪಾಕಿಸ್ತಾನಿ ಧಾರಾವಾಹಿ ನೋಡಿದರು, ಉರ್ದು ಲಿಪಿ ಕಲಿಯಲು ತರಗತಿಗೂ ಹೋದರು. 2025ರ ಅಂತಾರಾಷ್ಟ್ರೀಯ ಬೂಕರ್ ಈ ಪುಸ್ತಕಕ್ಕೆ ಬಂತು.

ಅದರಲ್ಲಿನ 'ಸ್ಟೋನ್ ಸ್ಲ್ಯಾಬ್ಸ್ ಫಾರ್ ಶಾಯಿಸ್ತಾ ಮಹಲ್' ಕತೆಯ ನಿರೂಪಕಿ ಗಂಡನನ್ನು ಏನೆಂದು ಕರೆಯಲಿ ಎಂದು ತೂಗುತ್ತಾಳೆ. 'ಯಜಮಾನ' ಅಂದರೆ ತಾನು ಆಳಾಗಬೇಕಲ್ಲ! ಅಲ್ಲಿ 'ಹಸ್ಬೆಂಡ್' ಎಂದು ಮುಗಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಹಾಗಾಗಿ 'ಯಜಮಾನ' ಇಂಗ್ಲಿಷಿನಲ್ಲೂ 'ಯಜಮಾನ'ನೇ.

ಇನ್ನೊಂದು ಸುಲಭದ ದಾರಿಯಿದೆ: ಹಳ್ಳಿಯವರ ಬಾಯಿಗೆ ಲಂಡನ್ನಿನ ಬೀದಿಮಾತು ತುರುಕುವುದು. ಹಾಗೆ ಮಾಡಿದರೆ ಮಾತು ಕೆಡುತ್ತದೆ. ಆಡುವವಳ ಊರೇ ಬದಲಾಗುತ್ತದೆ. ಗಟ್ಟಿಯಾಗಿ ಓದಿದರೆ ತಪ್ಪು ತಕ್ಷಣ ಗೊತ್ತಾಗುತ್ತದೆ.

ಆದರೆ ಪ್ರತಿ ಪದವನ್ನೂ ಉಳಿಸಿಕೊಂಡರೆ ಹೊರಗಿನ ಓದುಗ ಎಡವುತ್ತಾನೆ. ಸಂಬಂಧ, ಸಿಟ್ಟು, ಅಡುಗೆ, ದೇವರ ಮಾತುಗಳನ್ನು ಉಳಿಸಿ, ಉಳಿದದ್ದನ್ನು ಸರಳ ಇಂಗ್ಲಿಷಿಗೆ ಬಿಟ್ಟು, 'ಹೋಗ್ತಾ ಹೋಗ್ತಾ' ಎಂಬಂಥ ದ್ವಿರುಕ್ತಿಯನ್ನು ಅಲ್ಲೂ ಎರಡು ಸಲವೇ ಬರೆದರೆ ಲಯ ನಿಲ್ಲುತ್ತದೆ.