ಎರಡನೆಯ ಅಕ್ಷರದ ಸುಳಿವು

ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳ ನೆನಪಿನಲ್ಲಿ ಉಳಿದುದು ಆಕೆ ಗುನುಗುತ್ತಿದ್ದ ಒಂದು ಧಾಟಿ, ‘ನಿಗಮ’ ಎಂದು ಮೊದಲಾಗುವ ಅರ್ಧ ಸಾಲು, ಕೊನೆಗೆ ಪುರಂದರವಿಠಲನ ಅಂಕಿತ, ಇಷ್ಟೇ. ವರ್ಷಾಂತಿಕದ ದಿನ ಆ ಹಾಡನ್ನೇ ಹಾಡಬೇಕೆಂಬುದು ಅವಳ ಆಸೆ. ಹಾಡಿನ ಮೊದಲು ಮಾತ್ರ ಮರೆತಿತ್ತು.

ಅಂಕಿತದಿಂದ ಯಾವ ದಾಸರ ಸಂಪುಟವೆಂಬುದು ತಿಳಿಯಿತು. ಆದರೆ ಕೀರ್ತನ ಸಂಪುಟಗಳ ಅಕಾರಾದಿ ಪಲ್ಲವಿಯ ಮೊದಲಕ್ಷರವನ್ನು ಅನುಸರಿಸುತ್ತದೆ. ನಡುವಿನ ಸಾಲು ಹಿಡಿದು ಹೋದವರಿಗೆ ಅದು ಬಾಗಿಲು ತೆರೆಯದು. ಧಾಟಿಯನ್ನು ಕೇಳಿದ ಸಂಗೀತಗಾರರೊಬ್ಬರು ಕಾಪಿ ರಾಗವೆಂದರು. ಅದೂ ಪೂರ್ತಿ ನಂಬುವಂತಹುದಲ್ಲ, ಏಕೆಂದರೆ ಒಂದೇ ದೇವರನಾಮವನ್ನು ಬೇರೆ ಬೇರೆಯವರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ಅಚ್ಚಾದ ಪುಸ್ತಕದ ರಾಗ ಇನ್ನೊಂದಿರಬಹುದು.

ನೆರವಿಗೆ ಬಂದುದು ಆದಿಪ್ರಾಸ. ‘ಕವಿರಾಜಮಾರ್ಗ’ದ ಕಾಲಕ್ಕೇ ಚರ್ಚೆಗೆ ಬಂದಿದ್ದ ಪ್ರಾಸದ ಈ ಕಟ್ಟು ದಾಸರಲ್ಲಿಯೂ ಉಳಿದಿದೆ: ಸಾಲುಗಳ ಎರಡನೆಯ ವ್ಯಂಜನ ಒಂದೇ ಆಗಿರುತ್ತದೆ. ‘ನಿಗಮ’ದಲ್ಲಿ ಅದು ಗಕಾರ. ಅವಳು ಅಕಾರಾದಿಯಲ್ಲಿ ಎರಡನೆಯ ಸ್ಥಾನದಲ್ಲಿ ಗಕಾರವಿರುವ ಪಲ್ಲವಿಗಳನ್ನು ಮಾತ್ರ ಗುರುತು ಹಾಕುತ್ತ ಹೋದಳು. ಅನುಪಲ್ಲವಿಯ ಸಾಲಾದರೆ ಈ ದಾರಿ ಹೆಚ್ಚು ಭದ್ರ; ಚರಣಗಳು ಎಷ್ಟೋ ವೇಳೆ ತಮ್ಮದೇ ಪ್ರಾಸವನ್ನು ಹಿಡಿಯುತ್ತವೆ. ಇಲ್ಲಿ ಅದೃಷ್ಟವಿತ್ತು. ಜಕಾರಕ್ಕೆ ಬಂದಾಗ ‘ಜಗದೋದ್ಧಾರನ’ ಕಂಡಿತು. ಪುಟ ತೆರೆದರೆ ಮೊದಲ ಚರಣವೇ ಅಜ್ಜಿಯ ಸಾಲು.

ಇಷ್ಟು ಪ್ರಸಿದ್ಧವಾದ ಹಾಡೇ ಎಂದು ಅವಳಿಗೆ ತುಸು ನಾಚಿಕೆಯಾಯಿತು. ಅಜ್ಜಿ ಪಲ್ಲವಿಯನ್ನು ಎಂದೂ ಹಾಡುತ್ತಿರಲಿಲ್ಲ.