ಖಾಲಿ ಚೌಕ ಎಂದರೆ ‘ಇಲ್ಲ’ ಎಂದಲ್ಲ

ನಾನು ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಸ್ಕ್ಯಾನರ್ ಇರಲಿಲ್ಲ. ಮನೆಮನೆ ಸಮೀಕ್ಷೆಯ ಹಾಳೆಗಳು ಕಟ್ಟುಕಟ್ಟಾಗಿ ಬಂದು ಬೀಳುತ್ತಿದ್ದವು. ಮನೆಗೊಂದು ಸಾಲು, ವಿದ್ಯುತ್, ನಲ್ಲಿ, ಶೌಚಾಲಯ, ಗ್ಯಾಸ್ ಎಂದು ಕಾಲಂಗಳು. ಎಡಗೈ ಬೆರಳು ಸಾಲಿನ ಮೇಲೆ, ಬಲಗೈ ನಂಬರ್ ಪ್ಯಾಡಿನ ಮೇಲೆ. ರೈಟ್ ಗುರುತಿದ್ದರೆ 1, ಇಲ್ಲದಿದ್ದರೆ 0. ಒಂದೇ ಹಾಳೆಯನ್ನು ಇಬ್ಬರು ಬೇರೆಬೇರೆಯಾಗಿ ಹೊಡೆಯುತ್ತಿದ್ದರು. ಎರಡೂ ತಾಳೆಯಾಗದ ಕಡೆ ಮೂರನೆಯವರು ಮೂಲ ಹಾಳೆ ತೆಗೆದು ತೀರ್ಮಾನಿಸುತ್ತಿದ್ದರು.

ಬೀಗ ಹಾಕಿದ ಮನೆಯ ಸಾಲು ಪೂರ್ತಿ ಖಾಲಿ ಇರುತ್ತಿತ್ತು. ಹೊಸಬರು ಅಲ್ಲಿ ಸೊನ್ನೆಗಳ ಸರ ಹಾಕಿದರೆ ಪಕ್ಕದಲ್ಲಿದ್ದ ಹಿರಿಯ ಅಕ್ಕ ಸುಮ್ಮನಿರುತ್ತಿರಲಿಲ್ಲ. “ಅವರ ಮನೇಲಿ ಕರೆಂಟ್ ಇಲ್ಲ ಅಂತ ಯಾರಪ್ಪ ಹೇಳಿದ್ದು? ಷರಾ ನೋಡು, ಬೀಗ ಅಂತ ಬರೆದಿದೆ. 9 ಹಾಕು.” ಉತ್ತರವೇ ಸಿಗದ ಕಡೆಗೆ 9 ಎಂಬುದು ನಮ್ಮ ಕೋಡ್ ಪಟ್ಟಿಯಲ್ಲಿದ್ದ ನಿಯಮ.

2001ರ ಜನಗಣತಿಯ ನಮೂನೆಗಳನ್ನು ಸ್ಕ್ಯಾನ್ ಮಾಡಿ, ಕೈಬರಹವನ್ನು ಐಸಿಆರ್ ತಂತ್ರಾಂಶದಿಂದ ಓದಿಸಿದ ಮೇಲೆ ಈ ದಾರಿ ಎಲ್ಲರಿಗೂ ಪರಿಚಯವಾಯಿತು. ನಮ್ಮಂಥ ಸಣ್ಣ ಕೇಂದ್ರಗಳಿಗೆ ಅದು ತಡವಾಗಿ ಬಂತು. ಬಂದಾಗ ಗೊತ್ತಾಗಿದ್ದು ಇಷ್ಟು: ಯಂತ್ರ ರೈಟ್ ಗುರುತನ್ನು ಓದುವುದಿಲ್ಲ, ಚೌಕದೊಳಗಿನ ಶಾಯಿಯನ್ನು ಅಳೆಯುತ್ತದೆ.

ಅಳತೆ ಹೀಗೆ. ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಓರೆಯಾಗಿದ್ದರೆ ನೆಟ್ಟಗೆ ಮಾಡಿಕೊಳ್ಳಬೇಕು. ಕೋಷ್ಟಕದ ಗೆರೆಗಳನ್ನು ಹಿಡಿದು ಒಂದೊಂದು ಚೌಕದ ಜಾಗ ಗುರುತಿಸಬೇಕು. 8 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ ಚೌಕ ಸುಮಾರು 94ಕ್ಕೆ 71 ಪಿಕ್ಸೆಲ್ ಆಗುತ್ತದೆ. ಅಚ್ಚಿನ ಗೆರೆ ಲೆಕ್ಕಕ್ಕೆ ಬರದಂತೆ ನಾಲ್ಕೂ ಕಡೆ ಎಂಟೆಂಟು ಪಿಕ್ಸೆಲ್ ಬಿಟ್ಟರೆ ಉಳಿಯುವುದು ಸುಮಾರು 4,300. ಬಾಲ್‌ಪೆನ್ನಿನ ಸಾಧಾರಣ ರೈಟ್ ಗುರುತು ಅದರಲ್ಲಿ ಐನೂರರಷ್ಟನ್ನು ಕಪ್ಪು ಮಾಡುತ್ತದೆ, ಅಂದರೆ ನೂರಕ್ಕೆ ಹನ್ನೊಂದು ಹನ್ನೆರಡು. ಖಾಲಿ ಚೌಕದಲ್ಲಿ ಧೂಳಿನ ಚುಕ್ಕೆ ಬಿಟ್ಟರೆ ಏನೂ ಇರುವುದಿಲ್ಲ. ಕಷ್ಟ ಇರುವುದು ನಡುವೆ: ಕೆಳಗಿನ ಚೌಕದ ಗುರುತಿನ ಬಾಲ ಮೇಲಿನ ಚೌಕಕ್ಕೆ ಚಾಚಿದರೆ ಅಲ್ಲಿ ನೂರಕ್ಕೆ ಎರಡು ಮೂರು ಪಾಲು ಕಪ್ಪು ಕಾಣುತ್ತದೆ. ಅದಕ್ಕೇ ಕಪ್ಪಿನ ಪಾಲು `r`ಗೆ ಒಂದಲ್ಲ, ಎರಡು ಗಡಿ ಇಟ್ಟುಕೊಂಡೆವು:

```python
if r > 0.05:   v = True
elif r < 0.01: v = False
else:          v = None
```

ನಡುವಿನವು ಮನುಷ್ಯರ ಕಣ್ಣಿಗೆ ಹೋಗುತ್ತಿದ್ದವು. ನೋಡುವವರಿಗೆ ಒಂದೇ ಚೌಕ ಕತ್ತರಿಸಿ ತೋರಿಸಿದರೆ ಸಾಲದು, ಮೇಲಿನ ಕೆಳಗಿನ ಚೌಕಗಳೂ ಕಾಣಬೇಕು. ಗುರುತಿನ ಕೆಳತುದಿಯ ಮೊನೆ ಯಾವ ಚೌಕದಲ್ಲಿದೆಯೋ ಸಾಮಾನ್ಯವಾಗಿ ಗುರುತು ಅದರದ್ದೇ. ಬಾಲ ಎತ್ತ ಬೇಕಾದರೂ ಹೋಗಲಿ.

ಹಳ್ಳಿ ಸುತ್ತುವ ಗಣತಿದಾರರ ಒಂದು ರೂಢಿ ಯಂತ್ರವನ್ನು ಪೂರ್ತಿ ದಾರಿ ತಪ್ಪಿಸಿತು. ಬೀದಿಯ ಎಲ್ಲ ಮನೆಗೂ ವಿದ್ಯುತ್ ಇದ್ದರೆ ಕೆಲವರು ಮೊದಲ ಮನೆಗೆ ರೈಟ್ ಹಾಕಿ, ಅಲ್ಲಿಂದ ಕೊನೆಯ ಮನೆಯವರೆಗೆ ಸ್ಕೇಲ್ ಇಟ್ಟು ಉದ್ದ ಗೆರೆ ಎಳೆದುಬಿಡುತ್ತಾರೆ: ಎಲ್ಲರದ್ದೂ ಅದೇ. ಆ ದಿನಗಳಲ್ಲಿ ನಮ್ಮ ತಂತ್ರಾಂಶ ಅಚ್ಚಿನ ಗೆರೆಗಳನ್ನು ಚಿತ್ರದಿಂದ ಅಳಿಸಿ ಆಮೇಲೆ ಶಾಯಿ ಎಣಿಸುತ್ತಿತ್ತು. ಉದ್ದವಾಗಿ ನೆಟ್ಟಗಿರುವುದೆಲ್ಲ ಅದರ ಲೆಕ್ಕದಲ್ಲಿ ಕೋಷ್ಟಕದ ಗೆರೆಯೇ. ಪೆನ್ನಿನ ಗೆರೆಯೂ ಅಳಿಸಿಹೋಯಿತು. ಬೀದಿಯ ಮೊದಲ ಮನೆ ಬಿಟ್ಟು ಉಳಿದದ್ದೆಲ್ಲ `False`. ಶಾಯಿಯೇ ಕಾಣದ್ದರಿಂದ ಒಂದು ಚೌಕವೂ ಅನುಮಾನದ ಪಟ್ಟಿಗೆ ಬರಲಿಲ್ಲ. ಸಿಕ್ಕಿಬಿದ್ದದ್ದು ಹಾಳೆವಾರು ಮೊತ್ತದಲ್ಲಿ. ಹಿಂದಿನ ಹಾಳೆಯಲ್ಲಿ ಬಹುತೇಕ ಮನೆಗಳಿಗೆ ವಿದ್ಯುತ್ ಇದೆ, ಮುಂದಿನದರಲ್ಲೂ ಇದೆ, ನಡುವಿನ ಹಾಳೆಯಲ್ಲಿ ಮಾತ್ರ ಒಂದೇ ಮನೆಗೆ. ಅಂದಿನಿಂದ ಗೆರೆ ಅಳಿಸುವುದನ್ನು ಬಿಟ್ಟೆವು. ಗೆರೆ ಹಿಡಿಯುವುದು ಜಾಗ ತಿಳಿಯಲು ಮಾತ್ರ. ಎಣಿಕೆ ಮೂಲ ಚಿತ್ರದ ಮೇಲೇ.

ಖಾಲಿ ಸಾಲಿನ ಪ್ರಶ್ನೆಯನ್ನು ಮಾತ್ರ ಯಾವ ಗಡಿಯೂ ಬಗೆಹರಿಸಲಿಲ್ಲ. ಬೀಗದ ಮನೆಯಲ್ಲೂ ಶಾಯಿ ಸೊನ್ನೆ, ಏನೂ ಇಲ್ಲದ ಬಡವರ ಮನೆಯಲ್ಲೂ ಸೊನ್ನೆ. ಹಾಗಾಗಿ ಅಕ್ಕನ 9 ಬೇರೆ ರೂಪದಲ್ಲಿ ವಾಪಸು ಬಂತು. ಸಾಲಿನ ಎಲ್ಲ ಚೌಕಗಳೂ ಖಾಲಿ ಇದ್ದರೆ `False` ಬರೆಯದೆ `None` ಎಂದೇ ಉಳಿಸಿ, ಷರಾ ಕಾಲಂ ತೋರಿಸುವುದು. ಷರಾದಲ್ಲೂ ಏನಿಲ್ಲದಿದ್ದರೆ ಅದು ಹಾಗೇ ಉಳಿಯಬೇಕು. ಮುಂದೆ ನಮೂನೆ ಅಚ್ಚು ಹಾಕಿಸುವವರಿಗೂ ಇದನ್ನೇ ಹೇಳತೊಡಗಿದೆವು: ಒಂದು ಪ್ರಶ್ನೆಗೆ ಎರಡು ಚೌಕ ಕೊಡಿ, ಇದೆ ಎಂಬುದಕ್ಕೊಂದು, ಇಲ್ಲ ಎಂಬುದಕ್ಕೊಂದು. ಎರಡಕ್ಕೂ ಗುರುತು ಬಿದ್ದರೆ ತಪ್ಪು, ಎರಡೂ ಖಾಲಿಯಾದರೆ ಉತ್ತರವಿಲ್ಲ. ಹಾಳೆ ಒಂದಿಷ್ಟು ಅಗಲವಾಗುತ್ತದೆ. ಆದರೆ ‘ಇಲ್ಲ’ ಎಂದು ಹೇಳಿದ್ದು ಮನೆಯವರೇ ಹೊರತು ನಾವಲ್ಲ ಎಂಬುದಕ್ಕೆ ಕಾಗದದಲ್ಲೇ ದಾಖಲೆ ಇರುತ್ತದೆ.