ಹೆಸರಿಲ್ಲದವರಿಗೊಂದು ಅರ್ಜಿ

ತಂಗಿಯ ಮಗಳು ಪುಣೆಯ ಒಂದು ಕಾರಖಾನೆಯ ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಬರೆಯಲು ಕುಳಿತವಳು ಮೊದಲ ಸಾಲಿನಲ್ಲೇ ನಿಂತಳು. ಜಾಹೀರಾತಿನಲ್ಲಿ ಯಾರ ಹೆಸರೂ ಇರಲಿಲ್ಲ. ಕನ್ನಡದಲ್ಲಾದರೆ ‘ಮಾನ್ಯರೇ’ ಎಂದರೆ ತೀರಿತು; ಓದುವವರು ಗಂಡಸಾಗಲಿ, ಹೆಂಗಸಾಗಲಿ, ಹತ್ತು ಮಂದಿಯೇ ಆಗಲಿ, ಸಲ್ಲುತ್ತದೆ. ಇಂಗ್ಲಿಷಿಗೆ ಆ ಭಾಗ್ಯವಿಲ್ಲ. ‘ಡಿಯರ್ ಸರ್’ ಎಂದು ಬರೆದು, ಓದುವವರು ಹೆಂಗಸಾಗಿದ್ದರೆ ಆಭಾಸ. ‘ಟು ಹೂಮ್ ಇಟ್ ಮೇ ಕನ್ಸರ್ನ್’ ಎಂಬುದೋ, ಯಾರ ಕೈಸೇರುವುದೆಂದು ತಿಳಿಯದ ಪ್ರಮಾಣಪತ್ರದ ತಲೆಬರಹ, ಅರ್ಜಿಗೆ ಒಪ್ಪದು.

“ಜಾಹೀರಾತನ್ನು ಇನ್ನೊಮ್ಮೆ ಪೂರ್ತಿ ಓದಮ್ಮ” ಎಂದೆ. ಆಯ್ಕೆಯಾದವರು ಅಕೌಂಟ್ಸ್ ಮ್ಯಾನೇಜರರ ಕೈಕೆಳಗೆ ದುಡಿಯಬೇಕೆಂದು ಕೊನೆಯಲ್ಲಿತ್ತು. ಸರಿ, ಹೆಸರಿಲ್ಲದಿದ್ದರೂ ಹುದ್ದೆ ಸಿಕ್ಕಿತು: ‘ಡಿಯರ್ ಅಕೌಂಟ್ಸ್ ಮ್ಯಾನೇಜರ್’.

ಆದರೂ ಕಾರಖಾನೆಗೆ ಫೋನು ಮಾಡಿ ವಿಚಾರಿಸಿದಳು. ಕಿರಣ್ ಎಂದು ಮೊದಲಾಗುವ ಹೆಸರನ್ನು ಹೇಳಿ, ಆ ಕಡೆಯವರು ಫೋನು ಇಟ್ಟೇಬಿಟ್ಟರು. ಕಿರಣ್ ಗಂಡೋ ಹೆಣ್ಣೋ ಯಾರು ಬಲ್ಲರು? ‘ಮಿಸ್ಟರ್’, ‘ಮಿಸ್’ಗಳೆರಡನ್ನೂ ಬಿಟ್ಟು, ‘ಡಿಯರ್’ ಮುಂದೆ ಪೂರ್ತಿ ಹೆಸರನ್ನೇ ಬರೆಯಿಸಿದೆ. ಹೆಸರು ಬಂದಮೇಲೆ ಕೊನೆಯ ‘ಯುವರ್ಸ್ ಫೇಯ್ತ್‌ಫುಲಿ’ ‘ಯುವರ್ಸ್ ಸಿನ್ಸಿಯರ್ಲಿ’ ಆಗಬೇಕು. ಅದನ್ನು ನಾನು ಹೇಳುವ ಮೊದಲೇ ಅವಳು ತಿದ್ದಿದ್ದಳು.